ರಿಟರ್ನ್ ಬಿಗಿ ಮಾಡಿದರೆ ಗಿರಾಕಿ ಹೋಗ್ತಾರೆ, ಸಡಿಲ ಬಿಟ್ಟರೆ ಲಾಭ ಹೋಗುತ್ತೆ: ಎಲ್ಲಿ ನಿಲ್ಲಿಸಬೇಕು?

ಹೊಲಿಗೆಯಂತ್ರ

ಎಲ್ಲರಿಗೂ ನಮಸ್ಕಾರ. ನಾನು ಅಂಗಿ ಮತ್ತು ಪ್ಯಾಂಟ್ ಹೊಲಿಸಿ ನನ್ನದೇ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಒಟ್ಟು 14 ಡಿಸೈನ್ ಇವೆ. ಶುರು ಮಾಡಿದಾಗ ಜನರಿಗೆ ನಂಬಿಕೆ ಬರಲಿ ಅಂತ ರಿಟರ್ನ್ ಪಾಲಿಸಿಯನ್ನು ತುಂಬಾ ಸಡಿಲವಾಗಿ ಇಟ್ಟಿದ್ದೆ. 15 ದಿನದೊಳಗೆ ಕಾರಣ ಕೇಳದೆ ವಾಪಸ್, ಕೊರಿಯರ್ ಖರ್ಚು ನಮ್ಮದು, ಪೂರ್ತಿ ಹಣ ವಾಪಸ್.

ಈಗ ಆರ್ಡರ್ ಜಾಸ್ತಿ ಆಗಿವೆ, ಆದರೆ ಕೈಯಲ್ಲಿ ಹಣ ಉಳಿಯುತ್ತಿಲ್ಲ. ಕಳೆದ ತಿಂಗಳು 530 ಆರ್ಡರ್ ಬಂದವು, 90 ವಾಪಸ್ ಬಂದವು. ಅಂದರೆ ಶೇ. 17. ಮುಂದಿನ ತಿಂಗಳಿಂದ ಗಡುವನ್ನು 7 ದಿನಕ್ಕೆ ಇಳಿಸಿ, ವಾಪಸ್ ಕೊರಿಯರ್ ಖರ್ಚನ್ನು ರೀಫಂಡ್‌ನಲ್ಲಿ ಮುರಿದುಕೊಳ್ಳೋಣ ಅಂತಿದ್ದೇನೆ. ಆದರೆ ಮತ್ತೆ ಮತ್ತೆ ಬರುವ ಗಿರಾಕಿಗಳು ಬೇಜಾರು ಮಾಡಿಕೊಂಡರೆ ಅನ್ನೋ ಭಯ. ಹೀಗೆ ಬದಲಾಯಿಸಿದವರು ಯಾರಾದರೂ ಇದ್ದರೆ ಏನಾಯಿತು ಹೇಳಿ.

ನೇರಮಾತು

ಯೋಚನೆ ಮಾಡಬೇಡಿ, ಮುರಿದುಕೊಳ್ಳಿ. ನಾನು ಚಪ್ಪಲಿ, ಶೂ ಮಾರುತ್ತೇನೆ. ವಾಪಸ್ ಕಳಿಸೋಕೆ ಖರ್ಚಿಲ್ಲ ಅಂದರೆ ಜನ ಮೂರು ಸೈಜ್ ತರಿಸಿ, ಒಂದು ಇಟ್ಟುಕೊಂಡು ಎರಡು ಕಳಿಸುತ್ತಾರೆ. ನಾನು ಶುಲ್ಕ ಹಾಕಿದ ತಿಂಗಳೇ ರಿಟರ್ನ್ ಅರ್ಧಕ್ಕೆ ಇಳಿಯಿತು. ನಿಜವಾಗಿ ಬೇಕಾದವರು ಹೇಗಿದ್ದರೂ ಕೊಳ್ಳುತ್ತಾರೆ.

ಸಂಜೆಬಿಸಿಲು

ನನ್ನದೂ ಇದೇ ಕಥೆ. ನೂರಕ್ಕೆ 30 ಪಾರ್ಸೆಲ್ ವಾಪಸ್ ಬರುತ್ತಿವೆ. ಕೊರಿಯರ್ ಹುಡುಗ ಹೋದರೆ ಫೋನ್ ಎತ್ತಲ್ಲ, ಎತ್ತಿದರೂ "ಈಗ ಬೇಡ" ಅಂತಾರೆ. ಪಾರ್ಸೆಲ್ ತಲುಪಿದ ಮೇಲೆ ಹಣ ಕೊಡೋ ಆರ್ಡರ್‌ಗಳೇ ಎಲ್ಲ. ಇದಕ್ಕೆ ಪಾಲಿಸಿಯಲ್ಲಿ ಏನು ಬರೆಯಬೇಕು?

ಲೆಕ್ಕದಪುಸ್ತಕ

ಸಂಜೆಬಿಸಿಲು ಅವರೇ, ನಿಮ್ಮದು ಬೇರೆ ಸಮಸ್ಯೆ. ನಿಮ್ಮ ಗಿರಾಕಿ ಪಾರ್ಸೆಲ್ ಬಿಚ್ಚಿಯೇ ಇಲ್ಲ, ಹಾಗಾಗಿ ಅವರು ಪಾಲಿಸಿ ಪುಟವನ್ನು ಓದಿಯೂ ಇರಲ್ಲ. ಕಳಿಸುವ ಮೊದಲೇ ಫೋನಿನಲ್ಲೋ ಮೆಸೇಜಿನಲ್ಲೋ ಆರ್ಡರ್ ಖಚಿತ ಮಾಡಿಕೊಳ್ಳಿ. ಮುಂಚೆಯೇ ಹಣ ಕೊಟ್ಟವರಿಗೆ ಒಂದು ಸಣ್ಣ ರಿಯಾಯಿತಿ ಕೊಡಿ. ಎರಡು ಸಲ ಬಾಗಿಲಿಂದ ವಾಪಸ್ ಕಳಿಸಿದ ನಂಬರಿಗೆ ಆಮೇಲೆ ಹಣ ಕೊಡುವ ಆಯ್ಕೆ ಬೇಡ. ಇದಕ್ಕೆ ಬೇರೆಯದೇ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಹೊಲಿಗೆಯಂತ್ರ ಮೇಡಂ, ನಿಮಗೆ ಎರಡು ಪ್ರಶ್ನೆ. ನಾನು 11 ವರ್ಷ ಬಟ್ಟೆ ಗೋದಾಮಿನಲ್ಲಿ ರಿಟರ್ನ್ ವಿಭಾಗ ನೋಡಿಕೊಂಡವನು, ಅದಕ್ಕೇ ಕೇಳುತ್ತಿದ್ದೇನೆ. ಒಂದು, ಆ 90 ವಾಪಸ್ ಯಾವ ತಿಂಗಳ ಆರ್ಡರಿನವು? ಎರಡು, ಒಂದು ಆರ್ಡರಿನ ಮಾರುವ ಬೆಲೆ 100 ಅಂತ ಇಟ್ಟುಕೊಂಡರೆ ಯಾವುದಕ್ಕೆ ಎಷ್ಟು ಹೋಗುತ್ತದೆ? ನಿಜವಾದ ಬೆಲೆ ಇಲ್ಲಿ ಬೇಡ, 100ರ ಲೆಕ್ಕದಲ್ಲಿ ಸಾಕು. ಇವೆರಡು ಗೊತ್ತಾಗದೆ ಶುಲ್ಕ ಹಾಕಿ ಅಥವಾ ಬೇಡ ಅಂತ ಯಾರೂ ಹೇಳೋಕಾಗಲ್ಲ.

ಹೊಲಿಗೆಯಂತ್ರ

ಕೂತು ನೋಡಿದೆ. 90ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದರ ಹಿಂದಿನ ತಿಂಗಳ ಆರ್ಡರಿನವು. ಆ ತಿಂಗಳು ಇದ್ದದ್ದು 410 ಆರ್ಡರ್. ಅಂದರೆ ಶೇ. 22 ಆಯಿತು! ನಾನು ಈ ತಿಂಗಳ ವಾಪಸನ್ನು ಈ ತಿಂಗಳ ಮಾರಾಟದಿಂದ ಭಾಗಿಸುತ್ತಿದ್ದೆ. ಮಾರಾಟ ಏರುತ್ತಿದ್ದರಿಂದ ಇಷ್ಟು ದಿನ ಕಡಿಮೆ ಕಾಣಿಸುತ್ತಿತ್ತು.

100ರ ಲೆಕ್ಕ ಹೀಗಿದೆ. ಬಟ್ಟೆ, ಹೊಲಿಗೆ ಸೇರಿ ಅಸಲು 45. ಪ್ಯಾಕಿಂಗ್ ಮತ್ತು ಕಳಿಸುವ ಕೊರಿಯರ್ 10. ಪೇಮೆಂಟ್ ಶುಲ್ಕ 2. ಜಾಹೀರಾತು 18. ಉಳಿಯೋದು 25. ವಾಪಸ್ ಬಂದರೆ ಕೊರಿಯರ್ ಇನ್ನೊಂದು 10, ಬಿಚ್ಚಿ ನೋಡಿ ಇಸ್ತ್ರಿ ಹಾಕಿ ಮತ್ತೆ ಪ್ಯಾಕ್ ಮಾಡಲು 4. ವಾಪಸ್ ಬಂದ 22ರಲ್ಲಿ ಸುಮಾರು 16 ಮತ್ತೆ ಅದೇ ಬೆಲೆಗೆ ಹೋಗುತ್ತವೆ. ನಾಲ್ಕನ್ನು ಅಸಲಿನ ಅರ್ಧಕ್ಕೆ ಕಳೆದುಕೊಳ್ಳುತ್ತೇನೆ. ಎರಡು ಕಲೆ ಆಗಿಯೋ ಹರಿದೋ ಪೂರ್ತಿ ಹಾಳು.

ಲೆಕ್ಕದಪುಸ್ತಕ

ಇಷ್ಟು ಚೆನ್ನಾಗಿ ಲೆಕ್ಕ ಇಟ್ಟವರು ಕಡಿಮೆ. ಈಗ ನೋಡಿ.

ನೂರು ಆರ್ಡರ್ ಬಂದು ಒಂದೂ ವಾಪಸ್ ಬರದಿದ್ದರೆ ನಿಮಗೆ ಉಳಿಯೋದು 2,500. ಅದರಲ್ಲಿ 22 ವಾಪಸ್ ಬಂದರೆ 78 ಆರ್ಡರಿನಿಂದ 1,950 ಬಂತು. ಆದರೆ ಆ 22 ಪೀಸಿಗೆ ಕಳಿಸಿದ ಖರ್ಚು 10, ಪೇಮೆಂಟ್ ಶುಲ್ಕ 2, ಜಾಹೀರಾತು 18 ಆಗಲೇ ಹೋಗಿದೆ. ಆಮೇಲೆ ವಾಪಸ್ ಕೊರಿಯರ್ 10, ರಿಪೇರಿ ಕೆಲಸ 4, ಬೆಲೆ ಇಳಿದು ಹೋದದ್ದು ಸರಾಸರಿ 8. ಒಂದು ವಾಪಸಿಗೆ ಒಟ್ಟು 52 ಕೈಯಿಂದ ಹೋಯಿತು. ಇಪ್ಪತ್ತೆರಡಕ್ಕೆ ಸುಮಾರು 1,150. ಕೊನೆಗೆ ಉಳಿದದ್ದು ಸುಮಾರು 800. ಬಾಡಿಗೆ, ಸಂಬಳ ಎಲ್ಲ ಇದರಿಂದಲೇ ಬರಬೇಕು. ಕೈಯಲ್ಲಿ ಹಣ ಏಕೆ ಉಳಿಯುತ್ತಿಲ್ಲ ಅನ್ನೋದು ಇಲ್ಲೇ ಇದೆ. ಒಂದು ವಾಪಸ್ ಎರಡು ಒಳ್ಳೆ ಆರ್ಡರಿನ ಲಾಭ ತಿಂದು ಹಾಕುತ್ತದೆ.

ನೇರಮಾತು

ಜಾಹೀರಾತು ಖರ್ಚನ್ನು ರಿಟರ್ನ್ ತಲೆಗೆ ಕಟ್ಟೋದು ಸರಿಯಲ್ಲ. ವಾಪಸ್ ಬಂದರೂ ಬರದಿದ್ದರೂ ಆ ಹಣ ಹೋಗುತ್ತಿತ್ತು. ಅದೇನೇ ಇರಲಿ, 10 ಶುಲ್ಕ ಹಾಕಿದರೆ 22 ವಾಪಸಿಗೆ 220 ಕೈಗೆ ಬಂತು. 800 ಇದ್ದದ್ದು 1,020 ಆಯಿತು. ಇದಕ್ಕಿಂತ ಏನು ಬೇಕು?

ಲೆಕ್ಕದಪುಸ್ತಕ

ಜಾಹೀರಾತಿನ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. ಪಾರ್ಸೆಲ್ ಗಿರಾಕಿಯ ಕೈಗೆ ತಲುಪಿದ ಮೇಲೆ ನೋಡಿದರೆ ಹಳೆ ಖರ್ಚು ಮುಗಿದ ಕಥೆ. ಆಗ ನಮ್ಮ ಕೈಯಲ್ಲಿ ಇರೋದು ಮುಂದೆ ಆಗುವ 22 ಮಾತ್ರ, ಅಂದರೆ ಕೊರಿಯರ್, ಕೆಲಸ, ಬೆಲೆ ಇಳಿತ. ಆದರೆ ಆ ವಾಪಸ್ ಹುಟ್ಟದೇ ಇದ್ದಿದ್ದರೆ? 52 ಉಳಿಯುತ್ತಿತ್ತು, ಮೇಲೆ 25 ಲಾಭವೂ ಬರುತ್ತಿತ್ತು. ಒಟ್ಟು 77. ಪಾಲಿಸಿ ಬಿಗಿ ಮಾಡುವವರು 22ಕ್ಕಾಗಿ ಗಿರಾಕಿ ಜೊತೆ ಜಗ್ಗಾಡುತ್ತಾರೆ. ವಾಪಸ್ ಯಾಕೆ ಬಂತು ಅಂತ ಹುಡುಕುವವರಿಗೆ 77 ಸಿಗುತ್ತದೆ.

ಇನ್ನು ನಿಮ್ಮ 220. ಶುಲ್ಕ ಇದೆ ಅಂತ ಗೊತ್ತಾದಾಗ ಕೆಲವರು ಕೊಳ್ಳದೇ ಹೋಗುತ್ತಾರೆ. ಜಾಹೀರಾತು ನೋಡಿ ಬಂದವರಿಗೆ ಖರ್ಚು ಆಗಲೇ ಆಗಿರುತ್ತದೆ, ಅವರು ಕೊಳ್ಳದಿದ್ದರೂ ಅದು ವಾಪಸ್ ಬರಲ್ಲ. ಮೇಡಂ ಅವರ ಲೆಕ್ಕದಲ್ಲಿ ಜಾಹೀರಾತು ಬಿಟ್ಟು ಒಂದು ಆರ್ಡರ್ ಸರಾಸರಿ 26 ತರುತ್ತದೆ, ವಾಪಸ್ ನಷ್ಟ ಕಳೆದ ಮೇಲೆ. ಶುಲ್ಕ ಸೇರಿಸಿದರೆ ಅದು 28 ಆಗುತ್ತದೆ. ಹಾಗಾದರೆ ನೂರು ಆರ್ಡರ್ 92ಕ್ಕೆ ಇಳಿದರೆ ಶುಲ್ಕದಿಂದ ಬಂದದ್ದು ಪೂರ್ತಿ ಸೋರಿಹೋಯಿತು. ನೂರಕ್ಕೆ ಎಂಟು ಜನ ಮಾತ್ರ. ಶುಲ್ಕ ಹಾಕಿದ ತಿಂಗಳು ನಿಮ್ಮ ರಿಟರ್ನ್ ಅರ್ಧ ಆಯಿತು ಅಂದಿರಿ. ಆ ತಿಂಗಳು ಆರ್ಡರ್ ಎಷ್ಟಿತ್ತು?

ನೇರಮಾತು

ಆರ್ಡರ್ ಸ್ವಲ್ಪ ಕಡಿಮೆ ಆಗಿತ್ತು, ಆದರೆ ಆ ಸಮಯದಲ್ಲಿ ಎಲ್ಲರಿಗೂ ವ್ಯಾಪಾರ ಮಂದ ಇತ್ತು. ಲೆಕ್ಕ ತೆಗೆದು ನೋಡಬೇಕು. ಇನ್ನೊಂದು ಮಾತು, ನೀವು ವಾಪಸ್ 22ರಲ್ಲೇ ನಿಲ್ಲುತ್ತದೆ ಅಂತ ಹಿಡಿದಿದ್ದೀರಿ. ಶುಲ್ಕ ಇದ್ದರೆ ಅದೂ ಇಳಿಯುತ್ತದೆ, ಅಲ್ವಾ?

ಲೆಕ್ಕದಪುಸ್ತಕ

ಇಳಿಯುತ್ತದೆ, ಒಪ್ಪುತ್ತೇನೆ. ಅದರಲ್ಲಿ ಎರಡು ಬಗೆ ಇದೆ. ಮೂರು ಸೈಜ್ ತರಿಸುವವರು ಒಂದು ಮಾತ್ರ ತರಿಸಿದರೆ ಅದು ನಿಜವಾದ ಉಳಿತಾಯ. ಚಪ್ಪಲಿಯಲ್ಲಿ ಇಂಥವರು ಜಾಸ್ತಿ, ಹಾಗಾಗಿ ನಿಮಗೆ ಅದು ಕೆಲಸ ಮಾಡಿರಬಹುದು. ಆದರೆ ಸರಿಹೋಗದ ಪ್ಯಾಂಟನ್ನು ಶುಲ್ಕಕ್ಕೆ ಹೆದರಿ ಕಪಾಟಿನಲ್ಲಿ ಇಟ್ಟುಕೊಂಡವರೂ "ಇಳಿದ ರಿಟರ್ನ್" ಆಗಿಯೇ ಕಾಣುತ್ತಾರೆ. ಅವರು ಮತ್ತೆ ಬರಲ್ಲ. ಅದು ಯಾವ ತಿಂಗಳ ಲೆಕ್ಕದಲ್ಲೂ ಕಾಣಲ್ಲ.

ಓದುಗಿ

ನಾನು ಏನೂ ಮಾರಲ್ಲ, ಕೊಳ್ಳುವವಳು. ನನ್ನ ಕಡೆಯಿಂದ ಒಂದು ಮಾತು ಹೇಳಲಾ?

ಒಂದು ಅಂಗಡಿಯಿಂದ ಅಂಗಿ ತರಿಸಿದ್ದೆ. ಪುಟದಲ್ಲಿ "30 ದಿನ, ಸುಲಭ ರಿಟರ್ನ್" ಅಂತ ದೊಡ್ಡದಾಗಿ ಬರೆದಿತ್ತು. ಕಳಿಸೋಕೆ ಹೋದರೆ ಮೊದಲು ಇಮೇಲ್ ಬರೆಯಿರಿ, ಆಮೇಲೆ ನಾಲ್ಕು ಫೋಟೋ ಕಳಿಸಿ, ಆಮೇಲೆ ಕಾರಣ ವಿವರಿಸಿ. ಎರಡು ವಾರ ಆಯಿತು. ಹಣ ಬಂದದ್ದು ಇನ್ನೂ ಮೂರು ವಾರದ ಮೇಲೆ. ಇನ್ನೊಂದು ಕಡೆ ಬರೀ 10 ದಿನದ ಗಡುವು, ಕೊರಿಯರ್ ಖರ್ಚನ್ನೂ ಮುರಿದುಕೊಂಡರು. ಆದರೆ ಎಷ್ಟು ಮುರಿಯುತ್ತೇವೆ ಅಂತ ಕೊಳ್ಳುವ ಮೊದಲೇ ಹೇಳಿದ್ದರು. ಒಂದು ಬಟನ್ ಒತ್ತಿದೆ, ಮರುದಿನ ತೆಗೆದುಕೊಂಡು ಹೋದರು, ನಾಲ್ಕನೇ ದಿನ ಹಣ ಬಂತು. ನಾನು ಇವತ್ತಿಗೂ ಕೊಳ್ಳೋದು ಆ ಎರಡನೇ ಕಡೆ. ವಾದ ಮಾಡಬೇಕಾಗಿ ಬರಲಿಲ್ಲ ಅನ್ನೋದೇ ನನಗೆ ಮುಖ್ಯ ಆಯಿತು.

ಲೆಕ್ಕದಪುಸ್ತಕ

ಓದುಗಿ ಮೇಡಂ, ನೀವು ಹೇಳಿದ್ದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2016ರಲ್ಲಿ ಜನಕಿರಾಮನ್, ಸಿರ್ಡಾಲ್, ಫ್ರೆಲಿಂಗ್ ಎಂಬ ಮೂವರು ರಿಟರ್ನ್ ಪಾಲಿಸಿ ಬಗ್ಗೆ ಅದುವರೆಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. "ಸಡಿಲ" ಅನ್ನೋದನ್ನು ಅವರು ಐದಾಗಿ ಒಡೆದರು. ಎಷ್ಟು ದಿನ, ಎಷ್ಟು ಹಣ ವಾಪಸ್, ಎಷ್ಟು ಓಡಾಟ, ಯಾವ ಯಾವ ಸಾಮಾನಿಗೆ, ಮತ್ತು ಹಣವೋ ಬದಲಿ ವಸ್ತುವೋ. ಹಣ ಮತ್ತು ಓಡಾಟದ ವಿಷಯದಲ್ಲಿ ಸಡಿಲ ಬಿಟ್ಟರೆ ಕೊಳ್ಳೋದು ಹೆಚ್ಚುತ್ತದೆ. ಯಾವ ಸಾಮಾನನ್ನಾದರೂ ತೆಗೆದುಕೊಳ್ಳುತ್ತೇವೆ ಅಂದರೆ ವಾಪಸ್ ಹೆಚ್ಚುತ್ತದೆ. ದಿನ ಜಾಸ್ತಿ ಕೊಟ್ಟರೆ ವಾಪಸ್ ಕಡಿಮೆಯಾಗುತ್ತದೆ! ಗಡುವು ಹತ್ತಿರ ಇಲ್ಲದಿದ್ದರೆ ಜನ ಅವಸರ ಪಡಲ್ಲ, ಬಟ್ಟೆ ಮನೆಯಲ್ಲಿದ್ದಷ್ಟೂ ಅದು ತಮ್ಮದು ಅನ್ನಿಸುತ್ತದೆ.

ಹಾಗಾಗಿ ಹೊಲಿಗೆಯಂತ್ರ ಮೇಡಂ, 15 ದಿನವನ್ನು 7 ಮಾಡೋದನ್ನು ಬಿಡಿ. ಏಳನೇ ದಿನಕ್ಕೆ ಮೊದಲು ಕಳಿಸಲೇಬೇಕು ಅಂತ ನೀವೇ ನೆನಪು ಮಾಡಿಕೊಟ್ಟ ಹಾಗೆ ಆಗುತ್ತದೆ.

ನಿಮಗೆ ದೊಡ್ಡ ದಾರಿ ಬೇರೆ ಇದೆ. ಸೈಜ್ ಬದಲಿಸಿ ಕೊಡೋದು. ಪ್ಯಾಂಟ್ ಇಷ್ಟವಾಗಿದೆ, ಸೊಂಟ ಬಿಗಿಯಾಗಿದೆ ಅಷ್ಟೇ ಅನ್ನುವವರಿಗೆ ನೀವು ಹಣ ವಾಪಸ್ ಕೊಟ್ಟರೆ 52 ನಷ್ಟ. ಅವರಿಗೆ ಎಕ್ಸ್‌ಚೇಂಜ್ ಕೊಟ್ಟರೆ? ಮಾರಾಟ ಉಳಿಯುತ್ತದೆ, 100 ನಿಮ್ಮ ಹತ್ತಿರವೇ ಇದೆ. ಮೊದಲ ಖರ್ಚೆಲ್ಲ 75, ವಾಪಸ್ ಕೊರಿಯರ್ ಮತ್ತು ಕೆಲಸ 14, ಬೆಲೆ ಇಳಿತ 8, ಹೊಸ ಪೀಸ್ ಕಳಿಸಲು 10. ಒಟ್ಟು 107. ನಷ್ಟ 7 ಮಾತ್ರ, ಮತ್ತು ಸರಿಹೋಗುವ ಪ್ಯಾಂಟ್ ಹಾಕಿಕೊಂಡ ಒಬ್ಬ ಗಿರಾಕಿ. 52 ಎಲ್ಲಿ, 7 ಎಲ್ಲಿ! ಅದಕ್ಕೇ ಎಕ್ಸ್‌ಚೇಂಜಿಗೆ ಒಂದು ಕಾಸೂ ತೆಗೆದುಕೊಳ್ಳಬೇಡಿ. ಎರಡೂ ಕಡೆಯ ಕೊರಿಯರ್ ನಿಮ್ಮದೇ ಇರಲಿ.

ಇದು ಕೆಡುವುದು ಎರಡು ಜಾಗದಲ್ಲಿ. ಬೇಕಾದ ಸೈಜ್ ಸ್ಟಾಕ್‌ನಲ್ಲಿ ಇರಲ್ಲ. ಇದಕ್ಕೆ ಓಡುವ ಸೈಜುಗಳಲ್ಲಿ ಕೊನೆಯ ಎರಡು ಪೀಸನ್ನು ವೆಬ್‌ಸೈಟಿಗೆ ಹಾಕದೆ ಬದಲಿಗೆ ಅಂತಲೇ ಎತ್ತಿಡಿ, ಸೀಸನ್ ಮುಗಿಯುವ ಹೊತ್ತಿಗೆ ಮಾರಾಟಕ್ಕೆ ಬಿಡಿ. ಇನ್ನೊಂದು, ಹಳೇದು ಗೋದಾಮಿಗೆ ಬಂದು ಪರೀಕ್ಷೆ ಆಗುವವರೆಗೆ ಹೊಸದು ಕಳಿಸಲ್ಲ. ಅಷ್ಟರಲ್ಲಿ ಗಿರಾಕಿ ತಾಳ್ಮೆ ಕಳೆದುಕೊಂಡು "ಹಣ ಕೊಡಿ" ಅಂತಾರೆ. ಕೊರಿಯರ್ ಹುಡುಗ ಪಾರ್ಸೆಲ್ ಸ್ಕ್ಯಾನ್ ಮಾಡಿದ ಕೂಡಲೇ ಹೊಸದನ್ನು ಹೊರಡಿಸಿ.

ನೇರಮಾತು

ಸ್ಕ್ಯಾನ್ ಆದ ಕೂಡಲೇ ಕಳಿಸಿದರೆ ಖಾಲಿ ಡಬ್ಬ ಬರುತ್ತದೆ ಒಂದು ದಿನ. ನನಗೆ ಬಂದಿದೆ. ಹಳೇ ಕಿತ್ತುಹೋದ ಶೂ ಹಾಕಿ ಕಳಿಸಿದ್ದರು.

ಲೆಕ್ಕದಪುಸ್ತಕ

ಬರುತ್ತದೆ, ನಾನೂ ನೋಡಿದ್ದೇನೆ. ಹಾಗಾಗಿ ಮೊದಲ ಆರ್ಡರಿನವರಿಗೆ ಇದು ಬೇಡ, ಒಮ್ಮೆಯಾದರೂ ಕೊಂಡು ಇಟ್ಟುಕೊಂಡವರಿಗೆ ಮಾತ್ರ. ಕೊರಿಯರ್ ಎತ್ತಿಕೊಂಡಾಗ ತೂಕ ದಾಖಲಾಗುವ ಹಾಗಿದ್ದರೆ ಕಳಿಸಿದ ತೂಕದ ಜೊತೆ ಹೋಲಿಸಿ. ಖಾಲಿ ಡಬ್ಬ ಅಲ್ಲೇ ಸಿಕ್ಕಿಬೀಳುತ್ತದೆ, ಹಳೆ ಶೂ ಸಿಗಲ್ಲ.

ದೂರದೂರು

ಯೂರೋಪಿಗೆ ಕಳಿಸುವವರು ಯಾರಾದರೂ ಇದ್ದರೆ ಗಮನಿಸಿ, ಅಲ್ಲಿ ಇದು ನಿಮ್ಮ ಇಷ್ಟದ ವಿಷಯ ಅಲ್ಲ. ಯೂರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ಆನ್‌ಲೈನ್ ಗಿರಾಕಿ ಸಾಮಾನು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಆಗ ಮೊದಲು ಕಳಿಸಿದ ಸಾಮಾನ್ಯ ಕೊರಿಯರ್ ಖರ್ಚನ್ನೂ ನೀವು ವಾಪಸ್ ಕೊಡಬೇಕು. ವಾಪಸ್ ಕಳಿಸುವ ಖರ್ಚನ್ನು ಗಿರಾಕಿ ಮೇಲೆ ಹಾಕಬಹುದು, ಆದರೆ ಮುಂಚೆಯೇ ತಿಳಿಸಿರಬೇಕು. ತಿಳಿಸದಿದ್ದರೆ ಅದೂ ನಿಮ್ಮದೇ. ಅಳತೆ ಕೊಟ್ಟು ಹೊಲಿಸಿಕೊಂಡ ಬಟ್ಟೆಗೆ ಈ ಹಕ್ಕು ಇಲ್ಲ. ನಿಮ್ಮ ಗಿರಾಕಿ ಇರುವ ಜಾಗದ ಕಾನೂನು ನೋಡಿಕೊಂಡು ಗಡುವು ಬರೆಯಿರಿ.

ಮಣ್ಣಿನಬಟ್ಟಲು

ನಾನು ಪಿಂಗಾಣಿ ಕಪ್ಪು, ಬಟ್ಟಲು ಮಾರುತ್ತೇನೆ. ನನಗೆ ಸೈಜ್ ತೊಂದರೆ ಇಲ್ಲ, ಒಡೆದು ತಲುಪೋದೇ ತೊಂದರೆ. ಮೊದಮೊದಲು ಒಡೆದದ್ದನ್ನೂ ವಾಪಸ್ ತರಿಸುತ್ತಿದ್ದೆ, ಸುಳ್ಳು ಹೇಳುತ್ತಾರೇನೋ ಅಂತ. ಆಮೇಲೆ ಒಂದು ದಿನ ಒಡೆದ ಚೂರುಗಳಿಗೆ ಕೊರಿಯರ್ ಹಣ ಕೊಡುತ್ತಿದ್ದೇನಲ್ಲ ಅಂತ ಹೊಳೆಯಿತು. ಈಗ ಫೋಟೋ ಒಂದು ಕೇಳುತ್ತೇನೆ, ಹೊಸದು ಕಳಿಸುತ್ತೇನೆ, ಹಳೇದು ಅವರೇ ಇಟ್ಟುಕೊಳ್ಳಲಿ. ಆ ಫೋಟೋಗಳಿಂದ ಇನ್ನೊಂದು ಲಾಭವೂ ಆಯಿತು. ಎಲ್ಲದರಲ್ಲೂ ಹಿಡಿಯೇ ಮುರಿದಿತ್ತು. ಹಿಡಿಯ ಒಳಗೆ ಕಾಗದ ತುಂಬಿ ಕಳಿಸೋಕೆ ಶುರು ಮಾಡಿದ ಮೇಲೆ ದೂರು ಬಹಳ ಕಡಿಮೆಯಾಯಿತು. ಬಟ್ಟೆಗೂ ಹೀಗೆ "ಇಟ್ಟುಕೊಳ್ಳಿ" ಅನ್ನಬಹುದಾ?

ಲೆಕ್ಕದಪುಸ್ತಕ

ವಾಪಸ್ ಬಂದ ಸಾಮಾನು ಮತ್ತೆ ಎಷ್ಟಕ್ಕೆ ಹೋಗುತ್ತದೆ ಅನ್ನೋದು ಮತ್ತು ಅದನ್ನು ತರಿಸುವ ಖರ್ಚು, ಇವೆರಡನ್ನು ತೂಗಿ ನೋಡಿ. ಮೇಡಂ ಅವರ ಪ್ಯಾಂಟ್ ತರಿಸಲು 14, ಅದರ ಅಸಲು 45. ಖಂಡಿತ ತರಿಸಬೇಕು. ಅವರು ಜೊತೆಗೆ ಸಣ್ಣ ಬೆಲ್ಟ್ ಮಾರಿ ಅದರ ಅಸಲು 12 ಇದ್ದರೆ ತರಿಸೋದೇ ನಷ್ಟ. ಒಂದೇ ಎಚ್ಚರಿಕೆ, ಇದನ್ನು ಪಾಲಿಸಿ ಪುಟದಲ್ಲಿ ಬರೆಯಬೇಡಿ. ಆ ಸಂದರ್ಭದಲ್ಲಿ ನೀವಾಗಿ ಕೊಟ್ಟರೆ ಅದು ಉಪಕಾರ, ಬರೆದಿಟ್ಟರೆ ಅದನ್ನೇ ನೋಡಿಕೊಂಡು ಬರುವವರು ಇರುತ್ತಾರೆ.

ನಿಮ್ಮ ಹಿಡಿಯ ಕಥೆ ತುಂಬಾ ಮುಖ್ಯ. ಹೊಲಿಗೆಯಂತ್ರ ಮೇಡಂ, ನಿಮ್ಮ 90 ವಾಪಸನ್ನು ಡಿಸೈನ್ ಪ್ರಕಾರ ಬಿಡಿಸಿ ನೋಡಿದ್ದೀರಾ?

ಹೊಲಿಗೆಯಂತ್ರ

ಈಗ ನೋಡಿದೆ. ನನಗೇ ಆಶ್ಚರ್ಯವಾಯಿತು. 14 ಡಿಸೈನಿನಲ್ಲಿ ಮೂರರಿಂದಲೇ 47 ವಾಪಸ್. ಅದರಲ್ಲೂ ದಪ್ಪ ಹತ್ತಿಯ ಒಂದು ಪ್ಯಾಂಟ್, 62 ಮಾರಿದ್ದೆ, 24 ವಾಪಸ್ ಬಂದಿವೆ. ಎಲ್ಲರೂ ಕೊಟ್ಟ ಕಾರಣ ಒಂದೇ, "ಸೈಜ್ ಸರಿಯಿಲ್ಲ". ಆದರೆ ಸೈಜ್ ಚಾರ್ಟ್ ಎಲ್ಲ ಪ್ಯಾಂಟಿಗೂ ಒಂದೇ, ಉಳಿದವುಗಳಲ್ಲಿ ಈ ದೂರು ಇಲ್ಲ.

ಲೆಕ್ಕದಪುಸ್ತಕ

ಒಂದೇ ಚಾರ್ಟ್ ಇರೋದೇ ಕಾರಣ ಇರಬಹುದು. ಉಳಿದ ಪ್ಯಾಂಟುಗಳ ಬಟ್ಟೆ ಸ್ವಲ್ಪ ಎಳೆಯುತ್ತದಾ? ಎಳೆಯುವ ಬಟ್ಟೆ ಒಂದೆರಡು ಸೆಂಟಿಮೀಟರ್ ತಪ್ಪನ್ನು ಕ್ಷಮಿಸುತ್ತದೆ. ದಪ್ಪ ಹತ್ತಿ ಕ್ಷಮಿಸಲ್ಲ. ಗೋದಾಮಿಂದ ಆ ಪ್ಯಾಂಟ್ ಪ್ರತಿ ಸೈಜಿನಲ್ಲಿ ಮೂರು ತೆಗೆದು, ನೆಲದ ಮೇಲೆ ಹಾಸಿ ಟೇಪಿನಲ್ಲಿ ಅಳೆಯಿರಿ. ಸೊಂಟ, ತೊಡೆ, ಉದ್ದ. ಚಾರ್ಟ್ ಜೊತೆ ಹೋಲಿಸಿ.

ಹಾಗೇ ರಿಟರ್ನ್ ಫಾರ್ಮಿನಲ್ಲಿ "ಸೈಜ್ ಸರಿಯಿಲ್ಲ" ಅನ್ನೋದನ್ನು ತೆಗೆದುಬಿಡಿ. ಅದರ ಬದಲು "ಸೊಂಟ ಬಿಗಿ", "ತೊಡೆ ಬಿಗಿ", "ಸಡಿಲ", "ಉದ್ದ ಜಾಸ್ತಿ", "ಬಣ್ಣ ಫೋಟೋದ ಹಾಗಿಲ್ಲ", "ಸುಮ್ನೆ ಮನಸ್ಸು ಬದಲಾಯಿತು" ಅಂತ ಹಾಕಿ. ಕೊನೆಯದು ಇರಲೇಬೇಕು. ಅದಿಲ್ಲದಿದ್ದರೆ ಮನಸ್ಸು ಬದಲಾದವರು ಸುಳ್ಳು ಕಾರಣ ಒತ್ತುತ್ತಾರೆ, ನಿಮ್ಮ ಲೆಕ್ಕವೇ ಕೆಡುತ್ತದೆ. ಯಾವ ಕಾರಣ ಒತ್ತಿದರೂ ಕಡಿತ ಒಂದೇ ಅನ್ನೋದೂ ಗೊತ್ತಿರಬೇಕು. ಕಾರಣದ ಮೇಲೆ ಹಣ ನಿಂತರೆ ಎಲ್ಲರೂ "ಹಾಳಾಗಿದೆ" ಒತ್ತುತ್ತಾರೆ. ನಿಜವಾಗಿ ಹಾಳಾಗಿ ಬಂದದ್ದಕ್ಕೆ ಒಂದು ಫೋಟೋ ಕೇಳಿ, ಆ ದಾರಿ ಬೇರೆಯೇ ಇರಲಿ.

ಹೊಲಿಗೆಯಂತ್ರ

ಅಳೆದೆ. ಸೊಂಟ ಚಾರ್ಟಿನ ಹಾಗೇ ಇದೆ. ತೊಡೆ ಹತ್ತಿರ ಎಲ್ಲ ಸೈಜಿನಲ್ಲೂ 3 ಸೆಂಟಿಮೀಟರ್ ಕಡಿಮೆ. ಚಾರ್ಟಿನಲ್ಲಿ ತೊಡೆಯ ಅಳತೆ ನಾನು ಹಾಕಿಯೇ ಇಲ್ಲ. ಇಷ್ಟು ತಿಂಗಳು ಗಿರಾಕಿಗಳದ್ದೇ ತಪ್ಪು ಅಂತ ಅಂದುಕೊಂಡಿದ್ದೆ. ಅವರಿಂದ ಶುಲ್ಕ ತೆಗೆದುಕೊಳ್ಳಲು ಹೊರಟಿದ್ದೆನಲ್ಲ ಅಂತ ಮನಸ್ಸಿಗೆ ಚುಚ್ಚುತ್ತಿದೆ.

ನೇರಮಾತು

ಅದು ಸರಿಮಾಡಿ, ಒಳ್ಳೇದು. ಆದರೆ ಹಾಕಿಕೊಂಡು ಸುತ್ತಾಡಿ ವಾಪಸ್ ಕಳಿಸುವವರಿಗೆ ಏನು ಮಾಡುತ್ತೀರಿ? ಎಲ್.ಎಲ್.ಬೀನ್ ಅಂಥ ದೊಡ್ಡ ಕಂಪನಿಯೇ ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳುತ್ತೇವೆ ಅಂತಿದ್ದದ್ದನ್ನು 2018ರಲ್ಲಿ ನಿಲ್ಲಿಸಿ ಒಂದು ವರ್ಷಕ್ಕೆ ಇಳಿಸಿತು. ವರ್ಷಗಟ್ಟಲೆ ಹಾಕಿ ಸವೆಸಿದ್ದನ್ನೂ, ಎಲ್ಲೋ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದನ್ನೂ ತಂದು ಕೊಡುತ್ತಿದ್ದರಂತೆ. ನಂಬಿಕೆ ನಂಬಿಕೆ ಅಂತ ಕೂತರೆ ನಮ್ಮಂಥ ಸಣ್ಣವರ ಗತಿ? ನಾನಂತೂ ಮೂರು ಸಲ ವಾಪಸ್ ಮಾಡಿದವರನ್ನು ಬ್ಲಾಕ್ ಮಾಡುತ್ತೇನೆ.

ಲೆಕ್ಕದಪುಸ್ತಕ

ಗಡುವು ಬೇಕು, ಅದರಲ್ಲಿ ನಿಮ್ಮ ಜೊತೆ ಇದ್ದೇನೆ. ಎಲ್.ಎಲ್.ಬೀನ್ ಕೂಡ ಒಂದು ವರ್ಷ ಇಟ್ಟುಕೊಂಡಿತು, ಏಳು ದಿನ ಮಾಡಲಿಲ್ಲ. ಆದರೆ ಮೂರು ಸಲ ಅನ್ನೋ ಎಣಿಕೆ ತಪ್ಪು. 20 ಅಂಗಿ ಕೊಂಡು 8 ವಾಪಸ್ ಮಾಡಿದವರು ನಿಮ್ಮ ಹತ್ತಿರ 12 ಇಟ್ಟುಕೊಂಡಿದ್ದಾರೆ. ಮೇಡಂ ಅವರ ಲೆಕ್ಕದಲ್ಲಿ ಆ 12ರಿಂದ 300 ಬಂತು, 8ರಿಂದ ಸುಮಾರು 420 ಹೋಯಿತು. ಇದು ನಷ್ಟದ ಗಿರಾಕಿ ಅನ್ನಿಸುತ್ತದೆ, ಅಲ್ವಾ? ಆದರೆ ಹಳೆ ಗಿರಾಕಿಗೆ ಪ್ರತಿ ಸಲ 18ರ ಜಾಹೀರಾತು ಖರ್ಚಿಲ್ಲ. ಅದನ್ನು ತೆಗೆದು ಮತ್ತೆ ಹಾಕಿ. 12ರಿಂದ 516 ಬಂತು, 8ರಿಂದ ಸುಮಾರು 275 ಹೋಯಿತು. ಲಾಭದ ಗಿರಾಕಿ! ಇವರನ್ನು ನೀವು ಮೂರನೇ ವಾಪಸಿಗೇ ಬ್ಲಾಕ್ ಮಾಡಿಬಿಡುತ್ತಿದ್ದಿರಿ. ಎಷ್ಟು ಸಲ ವಾಪಸ್ ಮಾಡಿದರು ಅನ್ನೋದಕ್ಕಿಂತ ಇಟ್ಟುಕೊಂಡದ್ದರಿಂದ ಎಷ್ಟು ಬಂತು ಅಂತ ನೋಡಿ.

ಹಾಕಿಕೊಂಡು ಕಳಿಸುವವರಿಗೆ ಒಂದು ಸುಲಭ ತಡೆ ಇದೆ. ದೊಡ್ಡ ಟ್ಯಾಗನ್ನು ಹೊರಗೆ ಎದ್ದು ಕಾಣುವ ಜಾಗದಲ್ಲಿ, ಅಂಗಿಗೆ ಎದೆಯ ಮೇಲೆ, ಕತ್ತರಿಸದೆ ತೆಗೆಯಲಾಗದ ಹಾಗೆ ಹಾಕಿ. ಮನೆಯಲ್ಲಿ ಹಾಕಿ ನೋಡಲು ಅದು ಅಡ್ಡಿ ಅಲ್ಲ, ಆದರೆ ಹಾಕಿಕೊಂಡು ಹೊರಗೆ ಹೋಗೋಕಾಗಲ್ಲ. ಟ್ಯಾಗ್ ಕತ್ತರಿಸಿದರೆ ವಾಪಸ್ ಇಲ್ಲ ಅಂತ ಟ್ಯಾಗಿನ ಮೇಲೆಯೇ ಬರೆಯಿರಿ.

ಹೊಲಿಗೆಯಂತ್ರ

ಎಲ್ಲವನ್ನೂ ಸೇರಿಸಿ ಒಂದು ಕರಡು ಬರೆದಿದ್ದೇನೆ. ತಪ್ಪಿದ್ದರೆ ಹೇಳಿ.

"ಸೈಜ್ ಸರಿಹೋಗದಿದ್ದರೆ 30 ದಿನದೊಳಗೆ ಬದಲಿಸಿಕೊಡುತ್ತೇವೆ. ಎರಡೂ ಕಡೆಯ ಕೊರಿಯರ್ ಖರ್ಚು ನಮ್ಮದು. ಹಣ ವಾಪಸ್ ಬೇಕಿದ್ದರೆ 15 ದಿನದೊಳಗೆ ತಿಳಿಸಿ. ಬಟ್ಟೆ ನಮಗೆ ತಲುಪಿದ ಎರಡು ಕೆಲಸದ ದಿನದೊಳಗೆ ಪೂರ್ತಿ ಹಣ ಕಳಿಸುತ್ತೇವೆ. ಎದೆಯ ಮೇಲಿನ ಅಥವಾ ಸೊಂಟದ ಟ್ಯಾಗ್ ಕತ್ತರಿಸದೆ ಇರಬೇಕು. ನಮ್ಮ ತಪ್ಪಿನಿಂದ ಬೇರೆ ಸಾಮಾನು ಅಥವಾ ಹಾಳಾದ ಸಾಮಾನು ಬಂದಿದ್ದರೆ ಒಂದು ಫೋಟೋ ಕಳಿಸಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ."

ಶುಲ್ಕ ಈಗಲೇ ಬೇಡ ಅಂತ ತೀರ್ಮಾನಿಸಿದೆ. ಮೊದಲು ನನ್ನ ತಪ್ಪು ಸರಿಮಾಡಿ ನೋಡುತ್ತೇನೆ. ಹೊಸ ಚಾರ್ಟಿನಲ್ಲಿ ಪ್ರತಿ ಡಿಸೈನಿಗೂ ಬಟ್ಟೆಯದ್ದೇ ಅಳತೆ ಸೆಂಟಿಮೀಟರಿನಲ್ಲಿ ಹಾಕುತ್ತಿದ್ದೇನೆ. ಒಂದೇ ಪ್ಯಾಂಟನ್ನು ಎರಡು ಸೈಜಿನಲ್ಲಿ ಕಾರ್ಟಿಗೆ ಹಾಕಿದವರಿಗೆ "ಬದಲಿಸೋದು ಉಚಿತ, ಒಂದು ತರಿಸಿ ನೋಡಿ" ಅಂತ ತೋರಿಸುತ್ತೇನೆ.

ಓದುಗಿ

ಚೆನ್ನಾಗಿದೆ. ಆದರೆ 30 ಮತ್ತು 15 ಅಂತ ಎರಡು ಗಡುವು ನೆನಪಿರಲ್ಲ. 20ನೇ ದಿನ ಹಣ ಕೇಳಿ, ಇಲ್ಲ ಅನ್ನಿಸಿಕೊಂಡರೆ ನನಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಲೆಕ್ಕದಪುಸ್ತಕ

ಎರಡೂ 30 ಮಾಡೋದು ಸರಳ. ಆದರೆ ಸೀಸನ್ ಬಟ್ಟೆ 30 ದಿನ ಗಿರಾಕಿ ಮನೆಯಲ್ಲಿದ್ದು ಬಂದರೆ ಆಮೇಲೆ ಡಿಸ್ಕೌಂಟಿಗೇ ಹೋಗುತ್ತದೆ, ಬೆಲೆ ಇಳಿತ 8 ಇರೋದು 15 ಆಗಬಹುದು. ಆ ಅಧ್ಯಯನ ಎಷ್ಟು ವಾಪಸ್ ಬರುತ್ತದೆ ಅಂತ ನೋಡಿತ್ತು, ಬಂದ ಬಟ್ಟೆ ಎಷ್ಟಕ್ಕೆ ಹೋಗುತ್ತದೆ ಅನ್ನೋದು ಬೇರೆ ಪ್ರಶ್ನೆ. ನಾನಾದರೆ ಸೀಸನ್ ಇಲ್ಲದ ಪ್ಯಾಂಟಿಗೆ 30 ಕೊಟ್ಟು ನೋಡುತ್ತಿದ್ದೆ.

ಹೊಲಿಗೆಯಂತ್ರ (ಎರಡೂವರೆ ತಿಂಗಳ ಮೇಲೆ)

ಎಲ್ಲರಿಗೂ ಥ್ಯಾಂಕ್ಸ್ ಹೇಳೋಕೆ ಬಂದೆ. ಹೊಸ ಪಾಲಿಸಿಯ ಮೊದಲ ತಿಂಗಳ 500 ಆರ್ಡರಿನ ಲೆಕ್ಕ ಪೂರ್ತಿ ಸಿಕ್ಕಿದೆ, ಈ ಸಲ ಸರಿಯಾಗಿ ಆ ತಿಂಗಳ ಆರ್ಡರ್ ಹಿಡಿದೇ ಹಾಕಿದ್ದೇನೆ. ಒಟ್ಟು 80 ವಾಪಸ್ ಬಂದವು, ಶೇ. 16. ಅದರಲ್ಲಿ 31 ಜನ ಸೈಜ್ ಬದಲಿಸಿಕೊಂಡರು, ಹಣ ವಾಪಸ್ ಕೊಟ್ಟದ್ದು 49. ನೂರು ಆರ್ಡರಿಗೆ 800 ಉಳಿಯುತ್ತಿದ್ದದ್ದು ಈಗ ಸುಮಾರು 1,540. ಒಂದೇ ತಿಂಗಳ ಲೆಕ್ಕ, ಹಿಗ್ಗುತ್ತಿಲ್ಲ.

ಬೇಜಾರಿನ ಸುದ್ದಿಯೂ ಇದೆ. ಆ 49ರಲ್ಲಿ 9 ಜನ ಮೊದಲು ಬದಲಿ ಕೇಳಿದ್ದರು, ಅವರಿಗೆ ಬೇಕಾದ ಸೈಜ್ ನನ್ನ ಹತ್ತಿರ ಇರಲಿಲ್ಲ. ಎತ್ತಿಟ್ಟ ಎರಡು ಪೀಸ್ ಮೊದಲ ವಾರದಲ್ಲೇ ಮುಗಿದಿದ್ದವು. ದಪ್ಪ ಹತ್ತಿಯ ಪ್ಯಾಂಟಿನ ಹೊಸ ಲಾಟಿನಲ್ಲಿ ತೊಡೆ ಸರಿಮಾಡಿಸಿದೆ, ಈಗ ಅದರಿಂದ "ಉದ್ದ ಜಾಸ್ತಿ" ಅನ್ನೋ ಕಾರಣ ಬರುತ್ತಿದೆ. ಉದ್ದ ಮಾತ್ರ ಜಾಸ್ತಿ ಇದ್ದರೆ ಬದಲಿಸಿಕೊಡುವ ಬದಲು ಅವರ ಹತ್ತಿರದ ದರ್ಜಿಗೆ ಮಡಿಸಿ ಹೊಲಿಯಲು ಆಗುವ ಖರ್ಚು ಕೊಟ್ಟರೆ ಹೇಗೆ?

ನೇರಮಾತು

ನಾನೂ ಹಳೆ ಲೆಕ್ಕ ತೆಗೆದೆ. ಶುಲ್ಕ ಹಾಕಿದ ಮೇಲೆ ಆರ್ಡರ್ ನೂರಕ್ಕೆ 11 ಇಳಿದಿತ್ತು. ಆದರೂ ನನ್ನ ಲೆಕ್ಕದಲ್ಲಿ ಲಾಭವೇ ಇದೆ, ವಾಪಸ್ ಅಷ್ಟು ಇಳಿದಿದ್ದರಿಂದ. ಚಪ್ಪಲಿಗೆ ಶುಲ್ಕ ಸರಿ ಅಂತಲೇ ಈಗಲೂ ಹೇಳುತ್ತೇನೆ. ಆದರೆ ಸೈಜ್ ಬದಲಿಸೋಕೆ ತೆಗೆದುಕೊಳ್ಳುತ್ತಿದ್ದ ಶುಲ್ಕವನ್ನು ಹೋದ ವಾರದಿಂದ ನಿಲ್ಲಿಸಿದ್ದೇನೆ.

ಲೆಕ್ಕದಪುಸ್ತಕ

ದರ್ಜಿಯ ವಿಚಾರ ನನಗೆ ಇಷ್ಟವಾಯಿತು. ಎರಡೂ ಕಡೆಯ ಕೊರಿಯರ್ ಮತ್ತು ಕೆಲಸಕ್ಕೆ 24 ಹೋಗುತ್ತದೆ, ಮಡಿಸಿ ಹೊಲಿಸೋಕೆ ಅಷ್ಟು ಬೇಕಾಗಲ್ಲ. ಒಂದು ಸಣ್ಣ ತೊಡಕು, ಮಡಿಸಿದ ಪ್ಯಾಂಟ್ ಆಮೇಲೆ ವಾಪಸ್ ಬರುವ ಹಾಗಿಲ್ಲ. ಅದನ್ನು ಹಣ ಕಳಿಸುವ ಮೊದಲೇ ಅವರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ಮೊದಲು ಹತ್ತು ಜನಕ್ಕೆ ಕೇಳಿ, ಎಷ್ಟು ಜನ ಹೂಂ ಅಂದರು ಅಂತ ಇಲ್ಲಿ ಬರೆಯಿರಿ.